ಡಿಸ್ಚಾರ್ಜ್ ಸಮ್ಮರಿಯ ಒಂದು ಸಾಲಿಗೆ ಕ್ಲೇಮ್ ತಿರಸ್ಕಾರವಾದರೆ ಇ-ಮೇಲ್‌ನಲ್ಲಿ ಏನು ಬರೆಯಬೇಕು?

ಪ್ರಶ್ನೆ: ಅಮ್ಮನ ಕಾಲಿಗೆ ಸೋಂಕಾಗಿ ಉಡುಪಿಯ ಆಸ್ಪತ್ರೆಯಲ್ಲಿ ಇಟ್ಟಿದ್ದೆವು. ಪಾಲಿಸಿ ಮಾಡಿಸಿದ್ದು 2024ರ ಜೂನ್‌ನಲ್ಲಿ. ಶುಗರ್ ಇದೆ ಅಂತ ಗೊತ್ತಾಗಿದ್ದು 2025ರ ಜುಲೈಯಲ್ಲಿ, ಆಸ್ಪತ್ರೆಗೆ ಸೇರಿಸಿದ್ದು ಅಕ್ಟೋಬರ್‌ನಲ್ಲಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಮಾತ್ರ ‘ಮೂರು ವರ್ಷದಿಂದ ಶುಗರ್’ ಎಂದಿದೆ. ಮೊದಲೇ ಇದ್ದ ಕಾಯಿಲೆ ಮುಚ್ಚಿಟ್ಟಿದ್ದೀರಿ ಅಂತ ಕ್ಲೇಮ್ ತಿರಸ್ಕರಿಸಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಜಗಳ ಇರುವುದು ಆ ಒಂದು ಸಾಲಿನ ಜೊತೆ. ಇ-ಮೇಲ್ ಕೂಡ ಅದರ ಬಗ್ಗೆಯೇ ಇರಲಿ. ಪ್ರೀಮಿಯಂ ತಪ್ಪದೆ ಕಟ್ಟಿದ್ದೇವೆ, ಸಾಲ ಮಾಡಿ ಬಿಲ್ ತುಂಬಿದ್ದೇವೆ ಅನ್ನೋದೆಲ್ಲ ನಿಜವೇ, ಆದರೆ ಅದರಿಂದ ತೀರ್ಮಾನ ಬದಲಾಗುವುದಿಲ್ಲ.

ಮೊದಲು ಚಿಕಿತ್ಸೆ ಕೊಟ್ಟ ಡಾಕ್ಟರನ್ನು ಕಾಣಿ. ಸೇರಿಸಿಕೊಳ್ಳುವಾಗ ಡ್ಯೂಟಿ ಡಾಕ್ಟರ್ ಗಡಿಬಿಡಿಯಲ್ಲಿ ಕೇಳಿ ಬರೆದ ಮಾತೇ ಸಮ್ಮರಿಗೆ ಇಳಿದಿರುತ್ತದೆ. ‘ಮೂರು ತಿಂಗಳು’ ಎಂಬುದು ‘ಮೂರು ವರ್ಷ’ ಆಗಿದೆ ಎಂದು ಲೆಟರ್‌ಹೆಡ್‌ನಲ್ಲಿ ಸ್ಪಷ್ಟನೆ ಬರೆಸಿಕೊಳ್ಳಿ. ಅದರಲ್ಲಿ ತಾರೀಕು, ಸಹಿ, ಡಾಕ್ಟರ ನೋಂದಣಿ ಸಂಖ್ಯೆ, ಸೀಲು ಇರಬೇಕು. ಹಳೆಯ ಸಮ್ಮರಿಯಲ್ಲೇ ತಿದ್ದಿಸಬೇಡಿ, ಅದು ಅನುಮಾನಕ್ಕೆ ದಾರಿ.

ಸ್ಪಷ್ಟನೆ ಒಂದೇ ಸಾಲದು. ಜುಲೈಯ ರಕ್ತಪರೀಕ್ಷೆಯ ವರದಿ, ಆಗ ಮೊದಲ ಸಲ ಮಾತ್ರೆ ಬರೆದ ಚೀಟಿ ಜೊತೆಗಿರಲಿ. ಪಾಲಿಸಿಗೆ ಮುಂಚೆ ಶುಗರ್ ನಾರ್ಮಲ್ ಎಂದು ಬಂದ ಯಾವುದಾದರೂ ಹಳೆಯ ವರದಿ ಮನೆಯಲ್ಲಿ ಸಿಕ್ಕಿದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಕಪಾಟಿನ ಫೈಲುಗಳನ್ನು ಒಮ್ಮೆ ಪೂರ್ತಿ ಜಾಲಾಡಿ.

ಇ-ಮೇಲ್ ಹೋಗಬೇಕಾದ್ದು ಏಜೆಂಟರಿಗಲ್ಲ, ಕಂಪನಿಯ ದೂರು ಪರಿಹಾರ ಅಧಿಕಾರಿಗೆ. ವಿಳಾಸ ಪಾಲಿಸಿ ಪ್ರತಿಯಲ್ಲೇ ಇರುತ್ತದೆ. ಹೀಗೆ ಬರೆಯಬಹುದು:

“ವಿಷಯ: ಕ್ಲೇಮ್ ತಿರಸ್ಕಾರದ ಮರುಪರಿಶೀಲನೆ – ಪಾಲಿಸಿ ನಂ. …, ಕ್ಲೇಮ್ ನಂ. …

ದಿನಾಂಕ … ರ ಪತ್ರದಲ್ಲಿ ಷರತ್ತು ಸಂಖ್ಯೆ … ರಂತೆ ನನ್ನ ತಾಯಿಯ ಕ್ಲೇಮ್ ತಿರಸ್ಕರಿಸಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಅವರಿಗೆ ಶುಗರ್ ಪತ್ತೆಯಾದದ್ದು ಜುಲೈ 2025ರಲ್ಲಿ, ಅಂದರೆ ಪಾಲಿಸಿ ಶುರುವಾಗಿ ಒಂದು ವರ್ಷದ ಮೇಲೆ (ಲಗತ್ತು 3, 4). ಸಮ್ಮರಿಯಲ್ಲಿನ ‘ಮೂರು ವರ್ಷ’ ತಪ್ಪು ಎಂದು ಡಾಕ್ಟರ್ ಬರೆದುಕೊಟ್ಟಿದ್ದಾರೆ (ಲಗತ್ತು 5). ಕ್ಲೇಮ್ ಮರುಪರಿಶೀಲಿಸಿ ರೂ. … ಪಾವತಿಸಿ. ಒಪ್ಪದಿದ್ದರೆ ಕಾರಣವನ್ನು ಲಿಖಿತವಾಗಿ ತಿಳಿಸಿ.

ಲಗತ್ತುಗಳು: 1. ತಿರಸ್ಕಾರ ಪತ್ರ 2. ಡಿಸ್ಚಾರ್ಜ್ ಸಮ್ಮರಿ 3. ರಕ್ತಪರೀಕ್ಷೆ ವರದಿ 4. ಮೊದಲ ಔಷಧಿ ಚೀಟಿ 5. ಡಾಕ್ಟರ ಸ್ಪಷ್ಟನೆ 6. ಪಾಲಿಸಿ ಪ್ರತಿ 7. ಬಿಲ್‌ಗಳು”

ಫೈಲುಗಳ ಹೆಸರಿಗೂ ಇದೇ ಸಂಖ್ಯೆ ಕೊಡಿ. ತಿರಸ್ಕಾರ ಪತ್ರದಲ್ಲಿ ಷರತ್ತು ಯಾವುದೆಂದೇ ಇಲ್ಲದಿದ್ದರೆ ಅದನ್ನೂ ಬರೆದು ಕೇಳಿ. ಪಾಲಿಸಿಯ ಯಾವ ಷರತ್ತಿನಂತೆ ಎಂದು ಹೇಳದೆ ತಿರಸ್ಕರಿಸುವಂತಿಲ್ಲ.

ಒಂದು ಮಾತು ನೇರವಾಗಿ ಹೇಳಬೇಕು. ಪಾಲಿಸಿ ಮಾಡಿಸುವ ಮೊದಲೇ ಅಮ್ಮ ಶುಗರ್ ಮಾತ್ರೆ ತಗೊಳ್ತಾ ಇದ್ದರೆ ಈ ದಾರಿ ಹಿಡಿಯಬೇಡಿ. ಮೆಡಿಕಲ್ ಶಾಪ್ ಬಿಲ್, ಹಳೆಯ ಒಪಿಡಿ ದಾಖಲೆಗಳಲ್ಲಿ ಅದು ಹೊರಬರುತ್ತದೆ, ಡಾಕ್ಟರೂ ಸಿಕ್ಕಿಬೀಳುತ್ತಾರೆ.

ಕಂಪನಿಗೆ ಎರಡು ವಾರ ಕಾಲಾವಕಾಶ ಇದೆ. ಮತ್ತೆ ಇಲ್ಲ ಅಂದರೆ, ಅಥವಾ ಒಂದು ತಿಂಗಳಾದರೂ ಉತ್ತರ ಬರದಿದ್ದರೆ, ಬೆಂಗಳೂರಿನ ವಿಮಾ ಲೋಕಪಾಲರಿಗೆ ಇದೇ ಕಡತ ಕಳಿಸಿ. ಶುಲ್ಕ ಇಲ್ಲ, ವಕೀಲರೂ ಬೇಡ. ಆದರೆ ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ಹೋಗಬೇಕು.