ಟ್ರೈಕೋಡರ್ಮಾ ಪ್ಯಾಕೆಟ್ಟಿನ ಹಿಂಬದಿಯನ್ನೂ ಓದಿ

ಮುಂಗಾರು ಹಿಡಿಯುವ ಮುಂಚೆ ಕೊಡಗಿನ ಮೆಣಸಿನ ಬಳ್ಳಿಗಳ ಬುಡಕ್ಕೆ ಎರಡು ವಸ್ತು ಬೀಳಬೇಕು. ಒಂದು ಬೇರಿನ ರೋಗ ತಡೆಯುವ ಟ್ರೈಕೋಡರ್ಮಾ ಎಂಬ ಶಿಲೀಂಧ್ರದ ಪುಡಿ, ಇನ್ನೊಂದು ಬೇವಿನ ಹಿಂಡಿ. ಬಳ್ಳಿಗೆ 50 ಗ್ರಾಂ ಟ್ರೈಕೋಡರ್ಮಾ, ಒಂದು ಕಿಲೋ ಹಿಂಡಿ ಎಂಬ ಲೆಕ್ಕ ಹೆಚ್ಚಿನ ಬೆಳೆಗಾರರಿಗೆ ಗೊತ್ತೇ ಇದೆ. ಶೀಘ್ರ ಸೊರಗು ರೋಗ ತರುವ ಫೈಟೋಫ್ತೊರಾ ಮಳೆನೀರಿನ ಜೊತೆ ಓಡಾಡುತ್ತದೆ. ಅದು ಬರುವ ಹೊತ್ತಿಗೆ ಟ್ರೈಕೋಡರ್ಮಾ ಬೇರಿನ ಸುತ್ತ ನೆಲೆ ನಿಂತಿರಬೇಕು. ಹಾಕಿದ ಪುಡಿಯಲ್ಲಿ ಜೀವವೇ ಇರಲಿಲ್ಲ ಅನ್ನೋದು ಆಗಸ್ಟ್‌ನಲ್ಲಿ ಎಲೆ ಉದುರಿದಾಗ ಗೊತ್ತಾದರೆ ಏನು ಪ್ರಯೋಜನ? ಅದಕ್ಕೇ ಪರೀಕ್ಷೆ ಮೇ ತಿಂಗಳಲ್ಲೇ ಆಗಬೇಕು, ಅದೂ ದುಡ್ಡು ಕೊಡುವ ಮುಂಚೆ.

ಅಮ್ಮತ್ತಿ ಕಡೆಯ ಬೆಳೆಗಾರರೊಬ್ಬರು ಎರಡು ಪ್ಯಾಕೆಟ್ ತಂದು ನನ್ನ ಮೇಜಿನ ಮೇಲಿಟ್ಟರು. ಒಂದನ್ನು ಪೇಟೆಯ ಅಂಗಡಿಯಲ್ಲಿ ಕೊಂಡಿದ್ದರು. ಇನ್ನೊಂದನ್ನು ಜೀಪಿನಲ್ಲಿ ಬಂದವರು ತೋಟದ ಗೇಟಿನಲ್ಲೇ ಕೊಟ್ಟು ಹೋಗಿದ್ದರು, ಬೆಲೆಯೂ ಕಮ್ಮಿ. "ಎರಡೂ ಟ್ರೈಕೋಡರ್ಮಾನೇ ಅಲ್ವಾ ಸಾರ್, ಯಾವುದು ಹಾಕ್ಲಿ?" ಎಂದು ಕೇಳಿದರು. ನಾನು ಎರಡನ್ನೂ ತಿರುಗಿಸಿ ಹಿಂಬದಿ ಓದಿದೆ.

ಅಂಗಡಿಯ ಪ್ಯಾಕೆಟ್ ಮೇಲೆ ಸಿಐಆರ್ ಎಂದು ಶುರುವಾಗುವ ನೋಂದಣಿ ಸಂಖ್ಯೆ ಇತ್ತು. ಅದರ ಜೊತೆಗೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ನಂಬರ್, ತಯಾರಿಸಿದ ದಿನ, ಅವಧಿ ಮುಗಿಯುವ ದಿನ, ತಯಾರಕರ ಪೂರ್ತಿ ವಿಳಾಸ ಎಲ್ಲವೂ ಇದ್ದವು. ಶಿಲೀಂಧ್ರದ ಪೂರ್ತಿ ಹೆಸರು ಮತ್ತು ತಳಿಯ ಗುರುತನ್ನೂ ಹಾಕಿದ್ದರು. ಒಂದು ಗ್ರಾಂನಲ್ಲಿ ಎಷ್ಟು ಜೀವಂತ ಕಣ ಇವೆ ಅನ್ನೋದನ್ನು ಸಿಎಫ್‌ಯು ಎಂದು ಬರೆದಿರುತ್ತಾರೆ. ಟ್ರೈಕೋಡರ್ಮಾ ಪುಡಿಗೆ ಅದು ಗ್ರಾಂಗೆ ಕನಿಷ್ಠ 20 ಲಕ್ಷ ಇರಬೇಕು. ಒಳಗೆ ಮಡಚಿಟ್ಟ ಕರಪತ್ರದಲ್ಲಿ ಯಾವ ಬೆಳೆಗೆ, ಯಾವ ರೋಗಕ್ಕೆ, ಎಷ್ಟು ಹಾಕಬೇಕು ಎಂದಿತ್ತು.

ಜೀಪಿನವರ ಪ್ಯಾಕೆಟ್ ನೋಡೋಕೆ ಇನ್ನೂ ಚೆಂದ. ಐಎಸ್‌ಒ ಮುದ್ರೆ, ಹಸಿರು ಎಲೆ, "100% ಸಾವಯವ", "ಎಲ್ಲ ಬೆಳೆಗಳ ಎಲ್ಲ ರೋಗಕ್ಕೆ" ಎಂಬ ಸಾಲು. ಸಿಐಆರ್ ಸಂಖ್ಯೆ ಮಾತ್ರ ಎಲ್ಲೂ ಇರಲಿಲ್ಲ. ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ "ಮಣ್ಣು ಸುಧಾರಕ" ಎಂದು ಹಾಕಿದ್ದರು. ಮೋಸ ಇರೋದು ಇಲ್ಲೇ. ರೋಗ ಅಥವಾ ಕೀಟ ತಡೆಯುತ್ತದೆ ಎಂದು ಹೇಳಿ ಮಾರಿದರೆ, ಅದು ಜೈವಿಕವಾದರೂ 1968ರ ಕೀಟನಾಶಕ ಕಾಯ್ದೆಯಡಿ ಬರುತ್ತದೆ. ಅದಕ್ಕೆ ಕೇಂದ್ರದ ನೋಂದಣಿ ಸಮಿತಿಯ ಸಂಖ್ಯೆ ಬೇಕೇ ಬೇಕು. ಜೈವಿಕ ಗೊಬ್ಬರ, ಎರೆಗೊಬ್ಬರ, ಕಾಂಪೋಸ್ಟ್ ಇವೆಲ್ಲ ಬೇರೆ. ಅವು 1985ರ ರಸಗೊಬ್ಬರ ನಿಯಂತ್ರಣ ಆದೇಶದ ಕೆಳಗೆ ಬರುತ್ತವೆ. ಬಾಯಲ್ಲಿ ರೋಗದ ಮಾತಾಡಿ, ಲೇಬಲ್‌ನಲ್ಲಿ ಮಣ್ಣಿನ ಮಾತು ಬರೆದವರು ಕೀಟನಾಶಕ ಕಾಯ್ದೆಯಿಂದ ನುಣುಚಿಕೊಳ್ಳುತ್ತಿದ್ದಾರೆ ಎಂದೇ ತಿಳಿಯಿರಿ. ಐಎಸ್‌ಒ ಮುದ್ರೆಯಾಗಲಿ, ಸಾವಯವ ಪ್ರಮಾಣಪತ್ರವಾಗಲಿ ನೋಂದಣಿಯ ಜಾಗ ತುಂಬುವುದಿಲ್ಲ.

ನೋಂದಣಿಯಾದ ಜೈವಿಕ ಕೀಟನಾಶಕಗಳ ಪಟ್ಟಿ ppqs.gov.in ತಾಣದಲ್ಲಿದೆ. ಅಲ್ಲಿ ನೋಡಿ ಬರುವುದಕ್ಕೆ ಮೊಬೈಲ್‌ನಲ್ಲಿ ಸ್ವಲ್ಪ ಹೊತ್ತು ಸಾಕು. ಪ್ಯಾಕೆಟ್‌ನಲ್ಲಿರುವ ಶಿಲೀಂಧ್ರ ಮತ್ತು ಅದರ ಪ್ರಮಾಣ ಆ ಪಟ್ಟಿಯಲ್ಲಿಲ್ಲದಿದ್ದರೆ ವಾಪಸ್ ಕೊಟ್ಟುಬಿಡಿ.

ಇನ್ನೊಂದು ಮೋಸ ಇದಕ್ಕಿಂತ ಕೆಟ್ಟದ್ದು. ಜೈವಿಕ ಎಂದು ಹೇಳುವ ದ್ರಾವಣಕ್ಕೆ ರಾಸಾಯನಿಕ ಕೀಟನಾಶಕ ಬೆರೆಸಿ ಮಾರುವವರಿದ್ದಾರೆ. ಬ್ಯುವೇರಿಯಾದಂಥ ಶಿಲೀಂಧ್ರ ಕೀಟದ ಮೈಗೆ ಅಂಟಿ, ಮೊಳೆತು, ಒಳಗೆ ಬೆಳೆದು ಕೊಲ್ಲಬೇಕು. ಅದಕ್ಕೆ ಹಲವು ದಿನ ಹಿಡಿಯುತ್ತದೆ. ಸಂಜೆ ಹೊಡೆದ "ಜೈವಿಕ" ಔಷಧಿಗೆ ಬೆಳಿಗ್ಗೆಯೇ ಹುಳ ಉದುರಿದ್ದರೆ ಖುಷಿಪಡಬೇಡಿ, ಅನುಮಾನಪಡಿ. ಇದು ಮನೆಯ ಪರೀಕ್ಷೆಗೆ ಸಿಗುವಂಥದ್ದಲ್ಲ, ಲ್ಯಾಬ್‌ನಲ್ಲೇ ಗೊತ್ತಾಗಬೇಕು. ಸಾವಯವ ದೃಢೀಕರಣ ಮಾಡಿಸಿಕೊಂಡ ತೋಟದ ಕಾಫಿ, ಮೆಣಸಿನಲ್ಲಿ ಇದರ ಶೇಷ ಸಿಕ್ಕಿದರೆ ಉತ್ತರ ಕೊಡಬೇಕಾದವರು ಬೆಳೆಗಾರರು. ಅಷ್ಟು ಹೊತ್ತಿಗೆ ಮಾರಿದವರು ಫೋನ್ ಎತ್ತುವುದಿಲ್ಲ.

ಅಸಲಿ ಪ್ಯಾಕೆಟ್ ಕೂಡ ಸತ್ತಿರಬಹುದು. ಒಳಗಿರುವುದು ಜೀವ. ಬೇಸಿಗೆಯಲ್ಲಿ ತಗಡಿನ ಮಾಡಿನ ಗೋದಾಮಿನಲ್ಲಿ ಬಿದ್ದಿದ್ದರೆ ಅವಧಿ ಮುಗಿಯುವ ಮುಂಚೆಯೇ ಸಾಯುತ್ತದೆ. ದಿನಾಂಕದ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ದಾರಾ ಅಂತ ಉಗುರಿನಿಂದ ಕೆರೆದು ನೋಡಿ. ಪುಡಿ ಗಂಟು ಕಟ್ಟಿದ್ದರೆ ಒಳಗೆ ತೇವ ಹೋಗಿದೆ ಎಂದರ್ಥ.

ಜೀವ ಇದೆಯಾ ಎಂದು ಮನೆಯಲ್ಲೇ ಹೀಗೆ ನೋಡಬಹುದು. ಎರಡು ಗಾಜಿನ ಬಾಟಲಿಗಳಲ್ಲಿ ಅರೆಬೆಂದ, ನೀರು ಬಸಿದ ಅನ್ನವನ್ನು ಕಾಲು ಭಾಗ ಹಾಕಿ. ಬಾಟಲಿ ಸಮೇತ ಆವಿಯಲ್ಲಿ ಚೆನ್ನಾಗಿ ಬೇಯಿಸಿ, ಬಾಯಿಗೆ ಹತ್ತಿ ಮುಚ್ಚಿ ಪೂರ್ತಿ ಆರಲು ಬಿಡಿ. ಒಂದಕ್ಕೆ ಮಾತ್ರ ಚಿಟಿಕೆ ಪುಡಿ ಹಾಕಿ ಕುಲುಕಿ. ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ನೆರಳಲ್ಲಿಡಿ. ಪುಡಿಯಲ್ಲಿ ಜೀವ ಇದ್ದರೆ ಮೊದಲು ಬಿಳಿ ಎಳೆ ಬರುತ್ತದೆ. ಸುಮಾರು ಒಂದು ವಾರದೊಳಗೆ ಅದು ಹಸಿರಾಗುತ್ತದೆ. ಪುಡಿ ಹಾಕದ ಬಾಟಲಿಯಲ್ಲೂ ಹಸಿರು ಬಂದರೆ ಅದು ಗಾಳಿಯ ಬೂಸ್ಟು, ಆ ಪರೀಕ್ಷೆ ಬಿಟ್ಟು ಮತ್ತೆ ಮಾಡಿ. ಹಸಿರು ಬಂದ ಮಾತ್ರಕ್ಕೆ ಅದು ಟ್ರೈಕೋಡರ್ಮಾ ಎಂದು ಹೇಳಲಾಗದು, ಬೇರೆ ಬೂಸ್ಟುಗಳೂ ಹಸಿರೇ. ಆದರೆ ಏನೂ ಬೆಳೆಯದಿದ್ದರೆ ಆ ಪ್ಯಾಕೆಟ್ ಸತ್ತಿದೆ ಎಂದುಕೊಳ್ಳಬಹುದು. ನಾವು ಜೀಪಿನವರ ಪುಡಿಯನ್ನು ಹೀಗೆ ಇಟ್ಟೆವು. ಅನ್ನ ಹಳಸಿತೇ ಹೊರತು ಎಳೆ ಬರಲಿಲ್ಲ. ಅಂಗಡಿಯದು ಹಸಿರಾಯಿತು.

ಇಲ್ಲಿ ಒಂದು ಮಾತು ಸೇರಿಸಬೇಕು. ಬುಡಕ್ಕೆ ಬೋರ್ಡೋ ಅಥವಾ ತಾಮ್ರದ ಔಷಧಿ ಸುರಿದ ಕೂಡಲೇ ಟ್ರೈಕೋಡರ್ಮಾ ಹಾಕಿ, ಆಮೇಲೆ ಪ್ಯಾಕೆಟ್ ನಕಲಿ ಅನ್ನುವವರನ್ನೂ ನೋಡಿದ್ದೇನೆ. ತಾಮ್ರ ಶಿಲೀಂಧ್ರವನ್ನು ತಡೆಯುವ ವಸ್ತು, ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ. ಎರಡರ ಮಧ್ಯೆ 15 ದಿನವಾದರೂ ಬಿಡಿ ಎನ್ನುತ್ತೇನೆ.

ಹಿಂಡಿಯ ಮೋಸ ಸರಳ, ತೂಕ ಹೆಚ್ಚಿಸುವುದು. ಮಣ್ಣು, ಮರಳು, ಮರದ ಹೊಟ್ಟು ಸೇರಿಸುತ್ತಾರೆ. ಒಂದು ಲೋಟ ನೀರಿಗೆ ಎರಡು ಚಮಚ ಪುಡಿ ಮಾಡಿದ ಹಿಂಡಿ ಹಾಕಿ, ಕಲಕಿ, ಹತ್ತು ನಿಮಿಷ ಬಿಡಿ. ಮೇಲಿನ ನೀರು ಚೆಲ್ಲಿ ತಳದ್ದನ್ನು ಬೆರಳಲ್ಲಿ ಉಜ್ಜಿ. ಸ್ವಲ್ಪ ಮಣ್ಣು ಸಹಜ, ಆದರೆ ದಪ್ಪ ಪದರವಾಗಿ ಮರಳು ಕೂತಿದ್ದರೆ ನೀವು ಮರಳಿಗೆ ದುಡ್ಡು ಕೊಟ್ಟಿದ್ದೀರಿ. ಹೊಟ್ಟು ಮೇಲೆ ತೇಲುತ್ತದೆ. ಬೇವಿನ ಕಟು ವಾಸನೆ ಮೂಗಿಗೆ ಹೊಡೆಯಲೇಬೇಕು.

ಎರೆಗೊಬ್ಬರದ ಚೀಲದಲ್ಲಿ ಎರಡು ಅಂಕಿ ನೋಡಿ. ತೇವ ಶೇಕಡಾ 15ರಿಂದ 25ರೊಳಗೆ ಇರಬೇಕು, ಸಾರಜನಕ ಕನಿಷ್ಠ ಶೇಕಡಾ 1. ಹಿಂಡಿದರೆ ನೀರು ತೊಟ್ಟಿಕ್ಕುವ ಗೊಬ್ಬರದಲ್ಲಿ ನೀವು ಕೊಂಡಿದ್ದು ನೀರು. ಸಾರಜನಕ ಐದಾರು ಪರ್ಸೆಂಟ್ ಎಂದು ಕೊಚ್ಚಿಕೊಂಡಿದ್ದು, ಚೀಲ ಬಿಚ್ಚಿದಾಗ ಅಮೋನಿಯಾ ಮೂಗಿಗೆ ಬಂದರೆ ಯೂರಿಯಾ ಸೇರಿರುವ ಅನುಮಾನ ಜಾಸ್ತಿ.

ಮಾರುವವರನ್ನು ನಂಬಬಹುದಾ ಎಂದು ತಿಳಿಯಲು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಈ ಕಂಪನಿಯ ಹೆಸರು ನಿಮ್ಮ ಲೈಸೆನ್ಸಿನಲ್ಲಿದೆಯಾ? ಕೀಟನಾಶಕ ಮಾರುವವರ ಹತ್ತಿರ ತಯಾರಕರು ಕೊಟ್ಟ ಪ್ರಿನ್ಸಿಪಲ್ ಸರ್ಟಿಫಿಕೇಟ್ ಇರುತ್ತದೆ. ಗೊಬ್ಬರ ಮಾರುವವರ ಹತ್ತಿರ ಸರಕಿನ ಮೂಲ ತೋರಿಸುವ 'ಒ' ಫಾರ್ಮ್ ಇರುತ್ತದೆ. ಸರಿಯಾದ ಅಂಗಡಿಯವರು ಬೇಜಾರಿಲ್ಲದೆ ತೋರಿಸುತ್ತಾರೆ. ಬಿಲ್‌ನಲ್ಲಿ ಉತ್ಪನ್ನದ ಹೆಸರಿನ ಜೊತೆ ಬ್ಯಾಚ್ ನಂಬರನ್ನೂ ಬರೆಸಿಕೊಳ್ಳಿ. ಗೇಟಿಗೆ ಬಂದ ಜೀಪಿನವರು ಬಿಲ್ ಬದಲು ಬಿಳಿ ಚೀಟಿ ಕೊಟ್ಟರೆ ಬೇಡ ಎಂದು ಕಳಿಸಿ.

ಆಗಲೇ ಕೊಂಡಾಗಿದ್ದರೆ ಒಂದು ಪ್ಯಾಕೆಟ್ಟನ್ನು ಒಡೆಯದೆ ತಂಪಾದ ಜಾಗದಲ್ಲಿ ಎತ್ತಿಡಿ. ಬಿಲ್ ಜೊತೆ ತಾಲೂಕಿನ ಸಹಾಯಕ ಕೃಷಿ ನಿರ್ದೇಶಕರ ಕಚೇರಿಗೆ ಲಿಖಿತ ದೂರು ಕೊಡಿ. ಒಡೆದ ಪ್ಯಾಕೆಟ್‌ನ ವರದಿ ದೂರಿಗೆ ಬಲ ಕೊಡುವುದಿಲ್ಲ. ಪರಿವೀಕ್ಷಕರು ಅಂಗಡಿಯಿಂದಲೇ, ಅದೇ ಬ್ಯಾಚಿನ ಮಾದರಿ ತೆಗೆದು ಮೊಹರು ಹಾಕಿ ಲ್ಯಾಬ್‌ಗೆ ಕಳಿಸಬೇಕು. ಆ ಬ್ಯಾಚಿನ ಸರಕು ಅಂಗಡಿಯಲ್ಲಿ ಖಾಲಿಯಾಗುವ ಮೊದಲೇ, ಅಂದರೆ ಅನುಮಾನ ಬಂದ ವಾರದಲ್ಲೇ, ದೂರು ತಲುಪಿಸಿ.