ಪಿಓ ಬಂತು ಅಂತ ಕೂಡಲೇ ಕೆಲಸ ಶುರು ಮಾಡಬೇಡಿ: ನನ್ನ ಟಿಪ್ಪಣಿಗಳು

ಕಂಪನಿಗಳಿಗೆ ಬಿಡಿಯಾಗಿ ಅನುವಾದ, ವಿನ್ಯಾಸದಂಥ ಕೆಲಸ ಮಾಡಿಕೊಡುವವರು ಮೊದಲು ತಿಳಿಯಬೇಕಾದ ವಿಷಯ ಇದು: ಕೆಲಸ ಹೇಳುವವರು ಬೇರೆ, ದುಡ್ಡು ಕೊಡುವವರು ಬೇರೆ. ಎಚ್‌ಆರ್ ಮ್ಯಾನೇಜರ್ ಫೋನಿನಲ್ಲಿ "ಆಯ್ತು ಮೇಡಂ, ಶುರು ಮಾಡಿ" ಅಂದಾಗ ಅವರು ಮನಸ್ಸಿಟ್ಟೇ ಹೇಳಿರುತ್ತಾರೆ. ಆದರೆ ನಮ್ಮ ಇನ್‌ವಾಯ್ಸ್ ಹೋಗುವುದು ಅಕೌಂಟ್ಸ್‌ನವರ ಹತ್ತಿರ. ಅವರಿಗೆ ಆ ಫೋನ್ ಮಾತು ಗೊತ್ತಿರುವುದಿಲ್ಲ, ಗೊತ್ತಿದ್ದರೂ ಅವರ ಕಂಪ್ಯೂಟರ್ ಕೇಳುವುದು ಪಿಓ, ಅಂದರೆ ಕಂಪನಿ ಬರಹದಲ್ಲಿ ಕೊಡುವ ಪರ್ಚೇಸ್ ಆರ್ಡರ್‌ನ ನಂಬರನ್ನು. ನಂಬರ್ ಇಲ್ಲದ ಬಿಲ್ ಎಂಟ್ರಿಯೇ ಆಗುವುದಿಲ್ಲ.

ಪಿಓ ಎಲ್ಲಿಂದ ಬರುತ್ತದೆ

ಕೆಲಸ ಬೇಕಾದ ವಿಭಾಗ ಮೊದಲು ಪಿಆರ್ ಹಾಕುತ್ತದೆ, ಅಂದರೆ "ಇಂಥದ್ದು ಬೇಕು, ಇಷ್ಟು ಖರ್ಚಾಗುತ್ತದೆ" ಎಂಬ ಒಳಗಿನ ಬೇಡಿಕೆ. ಬಜೆಟ್ ಯಾರ ಕೈಯಲ್ಲಿದೆಯೋ ಅವರು ಅದನ್ನು ಒಪ್ಪಬೇಕು. ಆಮೇಲೆ ಪರ್ಚೇಸ್‌ನವರು ಅದನ್ನು ಪಿಓ ಮಾಡಿ ನಮಗೆ ಕಳಿಸುತ್ತಾರೆ. ಹಾಗಾಗಿ "ಪಿಆರ್ ಆಗಿದೆ" ಎಂದರೆ ಅರ್ಧ ದಾರಿ ಮಾತ್ರ ಆಗಿದೆ. ಪಿಆರ್ ತಿರಸ್ಕಾರವಾಗಬಹುದು, ಮೊತ್ತ ಕಡಿಮೆಯಾಗಬಹುದು, ಮುಂದಿನ ತಿಂಗಳಿಗೂ ಹೋಗಬಹುದು.

ಹೊಸ ಗ್ರಾಹಕರಾದರೆ ಇದಕ್ಕೂ ಮೊದಲು ವೆಂಡರ್ ಕೋಡ್ ಆಗಬೇಕು, ಅಂದರೆ ಅವರ ಸಿಸ್ಟಮ್‌ನಲ್ಲಿ ಪೂರೈಕೆದಾರರಾಗಿ ನಮ್ಮ ಹೆಸರು ಸೇರಬೇಕು. ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್, ಜಿಎಸ್‌ಟಿ ಪ್ರಮಾಣಪತ್ರ, ಉದ್ಯಮ್ ನೋಂದಣಿ ಇದ್ದರೆ ಅದು, ಇಷ್ಟನ್ನೂ ಕೊಟೇಶನ್ ಜೊತೆಗೇ ಕಳಿಸಿಬಿಡಿ. ಪಿಓ ತಡವಾಗಲು ಸುಮಾರು ಸಲ ಕಾರಣ ಈ ವೆಂಡರ್ ಕೋಡೇ. ನಾವು ಎಚ್‌ಆರ್‌ನವರಿಗೆ ಫೋನ್ ಮಾಡುತ್ತಿರುತ್ತೇವೆ, ಕಡತ ಪರ್ಚೇಸ್‌ನಲ್ಲಿ ಒಂದು ಚೆಕ್ ಹಾಳೆಗಾಗಿ ಕಾದು ನಿಂತಿರುತ್ತದೆ.

ಮೂರು ಸಾಲೋ, ಒಂದು ಸಾಲೋ

ನನಗೆ ಅರ್ಥವಾಗಲು ಬಹಳ ಹೊತ್ತು ಹಿಡಿದದ್ದು ಈ ಭಾಗ. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತೇನೆ.

ಒಂದು ಉದಾಹರಣೆ. ಬಿಡದಿ ಕಡೆಯ ಒಂದು ಕಾರ್ಖಾನೆಗೆ ಕನ್ನಡದಲ್ಲಿ ಸುರಕ್ಷತಾ ಕೈಪಿಡಿ ಬೇಕು ಅಂದುಕೊಳ್ಳಿ. ನಮ್ಮ ಕೊಟೇಶನ್ ಹೀಗಿದೆ: 40 ಪುಟ ಅನುವಾದ, ಪುಟಕ್ಕೆ ₹450, ಒಟ್ಟು ₹18,000. ಅದೇ 40 ಪುಟದ ಪುಟವಿನ್ಯಾಸ, ಪುಟಕ್ಕೆ ₹600, ಒಟ್ಟು ₹24,000. 12 ಚಿತ್ರ, ಒಂದಕ್ಕೆ ₹1,500, ಒಟ್ಟು ₹18,000. ಎಲ್ಲ ಸೇರಿ ₹60,000, ಮೇಲೆ 18% ಜಿಎಸ್‌ಟಿ ₹10,800. ಅನುವಾದ ಮುಗಿದಾಗ ಅದರ ಬಿಲ್, ಉಳಿದದ್ದು ಕೊನೆಗೆ, ಬಿಲ್ ಕೊಟ್ಟ 30 ದಿನದಲ್ಲಿ ಹಣ.

ವಾರದ ನಂತರ ಪಿಓ ಬರುತ್ತದೆ. ಮೊತ್ತ ₹60,000 ಸರಿಯಾಗಿಯೇ ಇದೆ, ನಮಗೆ ಖುಷಿ. ಆದರೆ ಕೋಷ್ಟಕದಲ್ಲಿ ಇರುವುದು ಒಂದೇ ಸಾಲು: "ಕನ್ನಡ ಕೈಪಿಡಿ ಕೆಲಸ, ಪ್ರಮಾಣ 1, ದರ 60,000". ಕೆಳಗೆ ಸಣ್ಣ ಅಕ್ಷರದಲ್ಲಿ "ಕೆಲಸ ಪೂರ್ತಿಯಾದ 60 ದಿನಗಳ ನಂತರ ಪಾವತಿ".

ಮೊತ್ತ ಒಂದೇ ಆದ ಮೇಲೆ ಒಂದು ಸಾಲಾದರೇನು, ಮೂರಾದರೇನು ಅನ್ನಿಸುತ್ತದೆ. ಬಿಲ್ ಹೇಗೆ ಪಾಸಾಗುತ್ತದೆ ಅಂತ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಅಕೌಂಟ್ಸ್‌ನವರು ಮೂರು ಕಾಗದ ಹೋಲಿಸುತ್ತಾರೆ: ಪಿಓ, ನಮ್ಮ ಇನ್‌ವಾಯ್ಸ್, ಮತ್ತು "ಇಷ್ಟು ಕೆಲಸ ನಮಗೆ ಬಂದು ಮುಟ್ಟಿದೆ" ಅಂತ ಎಚ್‌ಆರ್‌ನವರು ಸಿಸ್ಟಮ್‌ನಲ್ಲಿ ಹಾಕುವ ಎಂಟ್ರಿ. ಸರಕಿಗಾದರೆ ಅದನ್ನು ಜಿಆರ್‌ಎನ್ ಅನ್ನುತ್ತಾರೆ, ಸೇವೆಗಾದರೆ ಸರ್ವಿಸ್ ಎಂಟ್ರಿ. ಮೂರೂ ಹೊಂದಿದರೆ ಹಣ ಬಿಡುಗಡೆ. ಆ ಎಂಟ್ರಿ ಹಾಕುವುದು ಪಿಓದ ಸಾಲಿನ ಪ್ರಮಾಣಕ್ಕೆ ತಕ್ಕಂತೆ. ಸಾಲಿನಲ್ಲಿ "40 ಪುಟ" ಅಂತಿದ್ದರೆ ಅನುವಾದ ಮುಗಿದ ದಿನ 40 ಅಂತ ಹಾಕಬಹುದು, ನಾವು ₹18,000 ಮತ್ತು ತೆರಿಗೆ ₹3,240 ಸೇರಿಸಿ ₹21,240ಕ್ಕೆ ಬಿಲ್ ಕೊಡಬಹುದು. "ಪ್ರಮಾಣ 1" ಅಂತಿದ್ದರೆ? ಕೈಪಿಡಿಯ ಕಾಲು ಭಾಗ ಬಂದಿದೆ ಅಂತ 0.25 ಹಾಕಲು ಕೆಲವು ಕಡೆ ಸಿಸ್ಟಮ್ ಬಿಡುತ್ತದೆ, ಬಿಟ್ಟರೂ ಆ ಅಂದಾಜಿಗೆ ಸಹಿ ಹಾಕಲು ಯಾರೂ ಮುಂದೆ ಬರುವುದಿಲ್ಲ. "ಪೂರ್ತಿ ಆಗಲಿ ಮೇಡಂ, ಒಟ್ಟಿಗೇ ಹಾಕೋಣ" ಅನ್ನುತ್ತಾರೆ.

ಕೆಲಸ ನಡುವೆ ನಿಂತರೆ ಇನ್ನೂ ಕಷ್ಟ. ಕಾರ್ಖಾನೆಗೆ ಹೊಸ ಯಂತ್ರ ಬಂತು, ಕೈಪಿಡಿಯನ್ನೇ ಕೈಬಿಟ್ಟರು. ಅಷ್ಟರಲ್ಲಿ ನಾವು 40 ಪುಟ ಅನುವಾದ, 10 ಪುಟ ವಿನ್ಯಾಸ, 12 ಚಿತ್ರ ಮುಗಿಸಿದ್ದೇವೆ. ಮೂರು ಸಾಲಿನ ಪಿಓ ಇದ್ದರೆ 18,000 + 6,000 + 18,000, ಒಟ್ಟು ₹42,000 ಅಂತ ಲೆಕ್ಕ ನೇರ. ಒಂದು ಸಾಲಿನ ಪಿಓದಲ್ಲಿ ಎಷ್ಟು ಶೇಕಡಾ ಆಗಿದೆ ಅನ್ನುವುದೇ ಚರ್ಚೆಯಾಗುತ್ತದೆ, ಆ ಚರ್ಚೆಯಲ್ಲಿ ದುಡ್ಡು ಅವರ ಕೈಯಲ್ಲಿರುತ್ತದೆ.

ಇಲ್ಲಿ ಕಾನೂನಿನ ಒಂದು ಎಳೆ ತಿಳಿದಿರಬೇಕು. 1872ರ ಭಾರತೀಯ ಕರಾರು ಕಾಯ್ದೆಯ 7ನೇ ಕಲಮಿನ ಪ್ರಕಾರ ಒಪ್ಪಿಗೆ ಷರತ್ತಿಲ್ಲದೆ, ಪೂರ್ತಿಯಾಗಿ ಇರಬೇಕು. ನಾವು 30 ದಿನ ಅಂದೆವು, ಅವರು 60 ಅಂದರು. ಅಂದರೆ ಅವರು ನಮ್ಮ ಕೊಟೇಶನ್ ಒಪ್ಪಿಲ್ಲ, ತಮ್ಮದೇ ಹೊಸ ಪ್ರಸ್ತಾವ ಇಟ್ಟಿದ್ದಾರೆ. ಅದನ್ನು ಒಪ್ಪಬೇಕಾದವರು ಈಗ ನಾವು. 8ನೇ ಕಲಮು ಹೇಳುವಂತೆ, ಪ್ರಸ್ತಾವದಲ್ಲಿ ಹೇಳಿದ ಕೆಲಸವನ್ನು ಮಾಡುವುದೇ ಒಪ್ಪಿಗೆಯಾಗಬಹುದು. ಏನೂ ಹೇಳದೆ ಮೊದಲ ಪುಟ ಅನುವಾದಿಸಿ ಕಳಿಸಿದರೆ "60 ದಿನಕ್ಕೆ ನೀವು ಒಪ್ಪಿದ್ದಿರಿ" ಅನ್ನಲು ಅವರಿಗೆ ದಾರಿ ಸಿಗುತ್ತದೆ. ಪಿಓ ತಿದ್ದಿಸಿಕೊಳ್ಳಲು ನಮಗೆ ಇರುವ ಸಮಯ ಅದು ಬಂದ ಗಳಿಗೆಯಿಂದ ನಾವು ಕೆಲಸ ಮುಟ್ಟುವ ಗಳಿಗೆಯವರೆಗೆ, ಅಷ್ಟೇ.

ಆ ಸಮಯದಲ್ಲಿ ಪರ್ಚೇಸ್‌ನವರಿಗೆ, ಎಚ್‌ಆರ್‌ನವರನ್ನೂ ಸೇರಿಸಿ, ಹೀಗೊಂದು ಮೇಲ್ ಸಾಕು:

"ನಮಸ್ಕಾರ ಸರ್, ಪಿಓ ತಲುಪಿತು, ಧನ್ಯವಾದ. ಕೊಟೇಶನ್‌ಗೆ ಹೋಲಿಸಿದಾಗ ಎರಡು ಕಡೆ ವ್ಯತ್ಯಾಸವಿದೆ. ಕೊಟೇಶನ್‌ನಲ್ಲಿರುವ ಮೂರು ಕೆಲಸ ಪಿಓದಲ್ಲಿ ಒಂದೇ ಸಾಲಾಗಿದೆ, ಪಾವತಿ ಅವಧಿ 30 ದಿನದ ಬದಲು 60 ದಿನ ಎಂದಿದೆ. ದಯವಿಟ್ಟು ಎರಡನ್ನೂ ತಿದ್ದಿದ ಪಿಓ ಕಳಿಸಿಕೊಡಿ. ಅದು ಬಂದ ದಿನವೇ ಕೆಲಸ ಶುರು ಮಾಡುತ್ತೇನೆ."

ಈ ಮೇಲ್‌ನಲ್ಲಿ ಜಗಳವೇನೂ ಇಲ್ಲ. ಪರ್ಚೇಸ್‌ನವರಿಗೆ ಪಿಓ ತಿದ್ದುವುದು ದಿನನಿತ್ಯದ ಕೆಲಸ. ಸಂಕೋಚ ಇರುವುದು ನಮಗೆ ಮಾತ್ರ. ಸಾಲಿನ ವಿಷಯ ಸುಲಭಕ್ಕೆ ತಿದ್ದುತ್ತಾರೆ. ದಿನಗಳ ವಿಷಯದಲ್ಲಿ "ಕಂಪನಿ ಪಾಲಿಸಿ" ಅನ್ನಬಹುದು. ಉದ್ಯಮ್ ನೋಂದಣಿ ಇರುವ ಸಣ್ಣ ಪೂರೈಕೆದಾರರಿಗೆ ಎಂಎಸ್‌ಎಂಇಡಿ ಕಾಯ್ದೆ 2006ರ 15ನೇ ಕಲಮು ನೆರವಾಗುತ್ತದೆ: ಬರಹದಲ್ಲಿ ಏನೇ ಒಪ್ಪಿದ್ದರೂ ಪಾವತಿ ಅವಧಿ ಕೆಲಸ ಸ್ವೀಕರಿಸಿದ ದಿನದಿಂದ 45 ದಿನ ಮೀರುವಂತಿಲ್ಲ. ನಿಮ್ಮ ಉದ್ಯಮ್ ಸಂಖ್ಯೆಯನ್ನು ಕೊಟೇಶನ್‌ನಲ್ಲೇ ಬರೆದಿದ್ದರೆ ಈ ಮಾತು ತೆಗೆಯುವುದು ಸಲೀಸು.

ತೆರಿಗೆಯ ಸಾಲು

ಪಿಓದಲ್ಲಿ "ತೆರಿಗೆ ಸೇರಿ" ಎಂಬ ಎರಡು ಪದ ಇದೆಯೇ ನೋಡಿ. ₹60,000 ತೆರಿಗೆ ಸೇರಿ ಅಂತಾದರೆ ನಮ್ಮ ಪಾಲು 60,000 ÷ 1.18, ಅಂದರೆ ₹50,847 ಚಿಲ್ಲರೆ. ಒಂಬತ್ತು ಸಾವಿರಕ್ಕೂ ಹೆಚ್ಚು ಹಣ ಆ ಎರಡು ಪದದಲ್ಲಿ ಹೋಗುತ್ತದೆ.

ಬಿಲ್ ಯಾವ ವಿಳಾಸಕ್ಕೆ ಅನ್ನುವುದನ್ನೂ ನೋಡಿ. ಕಾರ್ಖಾನೆ ಬಿಡದಿಯಲ್ಲಿದ್ದರೂ ಪಿಓ ಹೊಸೂರಿನ ಘಟಕದ ಹೆಸರಿನಲ್ಲಿ ಬರಬಹುದು. ಪಿಓದಲ್ಲಿರುವ ಅವರ ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ 29 ಆದರೆ ಕರ್ನಾಟಕ, ನಮ್ಮದೂ ಇಲ್ಲಿಯದೇ ಆದ್ದರಿಂದ 9% ಸಿಜಿಎಸ್‌ಟಿ, 9% ಎಸ್‌ಜಿಎಸ್‌ಟಿ. 33 ಆದರೆ ತಮಿಳುನಾಡು, 18% ಐಜಿಎಸ್‌ಟಿ. ಒಟ್ಟು ಅದೇ, ಆದರೆ ತಪ್ಪು ತಲೆಬರಹದಲ್ಲಿ ಹಾಕಿದ ಬಿಲ್ ವಾಪಸ್ ಬರುತ್ತದೆ. ಜಿಎಸ್‌ಟಿ ನೋಂದಣಿ ಇಲ್ಲದವರು ತೆರಿಗೆ ಹಾಕುವಂತೆಯೇ ಇಲ್ಲ, ಅದನ್ನು ಕೊಟೇಶನ್‌ನಲ್ಲೇ ಹೇಳಿ.

ಪಿಓ ವ್ಯವಸ್ಥೆಯೇ ಇಲ್ಲದ ಕಡೆ

ಸಣ್ಣ ಶಾಲೆ, ಅಂಗಡಿ, ಟ್ರಸ್ಟ್‌ಗಳಲ್ಲಿ ಪಿಓ ಅಂದರೆ "ಅದೆಂಥದು ಮೇಡಂ?" ಅನ್ನುತ್ತಾರೆ. ಅಲ್ಲಿ ಮೇಲ್‌ನ ಒಪ್ಪಿಗೆ ಸಾಕು. ಮೇಲ್‌ನಲ್ಲಿ ಆದ ಕರಾರು ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ಬಿದ್ದುಹೋಗುವುದಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮು ಹೇಳುತ್ತದೆ. ವಾಟ್ಸ್ಯಾಪ್‌ನ ಹೆಬ್ಬೆಟ್ಟಿನ ಚಿತ್ರಕ್ಕಿಂತ ಮೇಲ್ ವಾಸಿ, ಯಾಕೆಂದರೆ ಅದು ಯಾವ ಪ್ರಶ್ನೆಗೆ ಉತ್ತರ ಎನ್ನುವುದು ಅಲ್ಲೇ ಕೆಳಗೆ ಇರುತ್ತದೆ.

ನನ್ನ ಮೆಚ್ಚಿನ ಉಪಾಯ: ಒಪ್ಪಿಗೆಯ ವಾಕ್ಯವನ್ನು ನಾವೇ ಬರೆದುಕೊಡುವುದು. "ಕೊಟೇಶನ್ ಸಂಖ್ಯೆ 14, ಮೊತ್ತ ₹60,000 ಮತ್ತು ತೆರಿಗೆ, ಇದರಲ್ಲಿರುವ ಕೆಲಸ ಮತ್ತು ಪಾವತಿ ಷರತ್ತಿಗೆ ನಮ್ಮ ಒಪ್ಪಿಗೆ ಇದೆ, ಶುರು ಮಾಡಬಹುದು, ಎಂದು ದಯವಿಟ್ಟು ಉತ್ತರಿಸಿ." ಅವರು ಅದನ್ನೇ ನಕಲು ಮಾಡಿ ಕಳಿಸುತ್ತಾರೆ. ಸಂಖ್ಯೆ, ಮೊತ್ತ, ಷರತ್ತು ಮೂರೂ ಬಂದುಬಿಡುತ್ತವೆ. ಉತ್ತರ ಖರ್ಚು ಮಾಡುವ ಅಧಿಕಾರ ಇರುವವರಿಂದ ಬರಬೇಕು. ಯಾರು ಅಂತ ಗೊತ್ತಾಗದಿದ್ದರೆ "ಬಿಲ್ ಯಾರು ಪಾಸ್ ಮಾಡ್ತಾರೆ ಸರ್? ಅವರನ್ನೂ ಮೇಲ್‌ನಲ್ಲಿ ಸೇರಿಸ್ತೀನಿ" ಎಂದು ಕೇಳಿ.

"ಪಿಓ ಬರ್ತಾ ಇದೆ, ಅಷ್ಟರಲ್ಲಿ ಶುರು ಮಾಡಿ"

ತುರ್ತು ನಿಜವೇ ಇರಬಹುದು. ಸುರಕ್ಷತಾ ಸಪ್ತಾಹ ಮಾರ್ಚ್ 4ಕ್ಕೆ ಶುರುವಾಗುತ್ತದೆ, ಅವರು ಅದಕ್ಕೆ ಮುಂಚೆ ಕೈಪಿಡಿ ಹಂಚಬೇಕು. ಆಗ ಪೂರ್ತಿ ಬೇಡ ಅನ್ನುವ ಬದಲು ಕೆಲಸಕ್ಕೊಂದು ಮಿತಿ ಹಾಕಿ: "ಪಿಓ ಬರುವವರೆಗೆ ಮೊದಲ 10 ಪುಟದ ಅನುವಾದ ಮಾತ್ರ ಮಾಡುತ್ತೇನೆ, ₹4,500 ಮತ್ತು ತೆರಿಗೆ. ಪಿಓ ಬಾರದಿದ್ದರೂ ಈ ಮೊತ್ತ ಕೊಡುತ್ತೀರಿ ಎಂದು ಮೇಲ್‌ನಲ್ಲಿ ತಿಳಿಸಿ." ಅಷ್ಟು ಸಣ್ಣ ಮೊತ್ತಕ್ಕೂ ಬರಹದಲ್ಲಿ ಹೂಂ ಅನ್ನಲು ಹಿಂಜರಿದರೆ ಪಿಆರ್ ಇನ್ನೂ ಒಪ್ಪಿಗೆ ಪಡೆದಿಲ್ಲ ಅಂತಲೇ ಲೆಕ್ಕ ಹಾಕಬಹುದು.

ಇಂಥ ಕಡೆ ಬಿಲ್‌ನ ತಾರೀಖು ನೆನಪಿರಲಿ. ಪಿಓ ತಾರೀಖಿಗಿಂತ ಹಿಂದಿನ ದಿನಾಂಕದ ಇನ್‌ವಾಯ್ಸನ್ನು ಬಹಳ ಕಂಪನಿಗಳ ಆಡಿಟ್‌ನವರು ಹಿಡಿಯುತ್ತಾರೆ, ಹಣ ಅಲ್ಲಿಗೇ ನಿಲ್ಲುತ್ತದೆ. ಕೆಲಸ ಮೊದಲೇ ಶುರುವಾಗಿದ್ದರೂ ಪಿಓ ಕೈಗೆ ಬಂದ ಮೇಲೆಯೇ ಬಿಲ್ ಮಾಡಿ, ಅದರ ಮೇಲೆ ಪಿಓ ನಂಬರ್ ಹಾಕಿ.

12 ಚಿತ್ರ ನಡುವೆ 15 ಆದರೂ ಇದೇ ಕ್ರಮ. ಹೆಚ್ಚಿನ ಮೂರಕ್ಕೆ ₹4,500 ಎಂದು ಮೇಲ್ ಹಾಕಿ ಪಿಓ ತಿದ್ದುಪಡಿ ಕೇಳಿ. ಪಿಓದಲ್ಲಿ 12 ಇರುವವರೆಗೆ 13ನೇ ಚಿತ್ರಕ್ಕೆ ಯಾರೂ ಎಂಟ್ರಿ ಹಾಕಲಾರರು.