300 ಪ್ರತಿಗೆ 1000 ಪ್ರತಿಯ ದರ ಏಕೆ ಬರುವುದಿಲ್ಲ?

ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿಸುವ ಲೇಖಕರು ನಮ್ಮ ಆಫ್‌ಸೆಟ್ ಪ್ರೆಸ್ಸಿಗೆ ಬಂದಾಗ ಸಾಮಾನ್ಯವಾಗಿ ಎರಡು ಕೊಟೇಶನ್ ಕೇಳುತ್ತಾರೆ, ಒಂದು 1000 ಪ್ರತಿಗೆ, ಇನ್ನೊಂದು 300 ಪ್ರತಿಗೆ. ಎರಡನ್ನೂ ಬರೆದುಕೊಟ್ಟ ಕೂಡಲೇ ಮೊದಲನೆಯದರ ಮೊತ್ತವನ್ನು 1000ದಿಂದ ಭಾಗಿಸಿ, ಬಂದದ್ದನ್ನು 300ರಿಂದ ಗುಣಿಸಿ, ಎರಡನೆಯ ಕೊಟೇಶನ್ ಸುಮಾರು ಎರಡು ಪಟ್ಟು ಹೆಚ್ಚಾಗಿದೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಭಾಗಾಕಾರ, ಗುಣಾಕಾರ ಎರಡೂ ಸರಿಯಾಗಿಯೇ ಇರುತ್ತವೆ. ಮುದ್ರಣದ ಖರ್ಚು ಪ್ರತಿಗಳ ಸಂಖ್ಯೆಯ ಜೊತೆ ಅದೇ ಪ್ರಮಾಣದಲ್ಲಿ ಏರಿಳಿಯುತ್ತದೆ ಎಂಬ ನಂಬಿಕೆಯಷ್ಟೇ ತಪ್ಪು. ಈ ಒಂದು ನಂಬಿಕೆಯಿಂದ ಹುಟ್ಟುವ ಅನುಮಾನ ಲೇಖಕರನ್ನೂ ಮುದ್ರಕರನ್ನೂ ಎಷ್ಟು ದೂರ ಮಾಡುತ್ತದೆ ಎಂಬುದನ್ನು ದಿನವೂ ನೋಡುತ್ತಿರುವುದರಿಂದ, ಅದನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಬಿಡಿಸಿ ಹೇಳುತ್ತೇನೆ.

ಇತ್ತೀಚೆಗೆ ಬಂದಿದ್ದ ನಿವೃತ್ತ ಮೇಷ್ಟ್ರೊಬ್ಬರ ಕವನ ಸಂಕಲನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಡೆಮಿ 1/8 ಅಳತೆ, 160 ಪುಟ, ಒಳಪುಟಗಳಿಗೆ 70 ಜಿಎಸ್ಎಂ, ಅಂದರೆ ಚದರ ಮೀಟರಿಗೆ 70 ಗ್ರಾಂ ತೂಗುವ ಮ್ಯಾಪ್‌ಲಿಥೋ ಕಾಗದ ಮತ್ತು ಒಂದೇ ಬಣ್ಣ, ಮುಖಪುಟಕ್ಕೆ 300 ಜಿಎಸ್ಎಂ ಆರ್ಟ್ ಬೋರ್ಡ್ ಮೇಲೆ ನಾಲ್ಕು ಬಣ್ಣ ಮತ್ತು ಲ್ಯಾಮಿನೇಶನ್, ಕೊನೆಗೆ ಬೆನ್ನಿಗೆ ಅಂಟು ಹಾಕುವ ಪರ್ಫೆಕ್ಟ್ ಬೈಂಡಿಂಗ್. ಪುಟವಿನ್ಯಾಸ ಮುಗಿಸಿ, ಕರಡು ತಿದ್ದಿದ ಪಿಡಿಎಫ್ ಅನ್ನು ಅವರೇ ತಂದಿದ್ದರು. ತೆರಿಗೆ ಮತ್ತು ಸಾಗಣೆಯನ್ನು ಬಿಟ್ಟು 1000 ಪ್ರತಿಗೆ 52,400 ರೂಪಾಯಿ, 300 ಪ್ರತಿಗೆ 29,000 ರೂಪಾಯಿ ಎಂದು ಬರೆದುಕೊಟ್ಟೆ. ಮೇಷ್ಟ್ರು ತಾವೇ ಲೆಕ್ಕ ಹಾಕಿ, "ಪ್ರತಿಗೆ 52 ರೂಪಾಯಿ 40 ಪೈಸೆಯಂತೆ 300 ಪ್ರತಿಗೆ 15,720 ಆಗಬೇಕಲ್ಲ ಸ್ವಾಮಿ, ಉಳಿದ ಹದಿಮೂರು ಸಾವಿರ ಯಾವ ಬಾಬ್ತಿನದು?" ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ಕಾಗದ, ಪ್ಲೇಟುಗಳ ದರ ಊರಿನಿಂದ ಊರಿಗೆ, ತಿಂಗಳಿನಿಂದ ತಿಂಗಳಿಗೆ ಬದಲಾಗುವುದರಿಂದ ಕೆಳಗಿನ ಮೊತ್ತಗಳನ್ನು ಬೇರೆ ಪ್ರೆಸ್ಸಿನಲ್ಲಿ ಹಾಗೆಯೇ ನಿರೀಕ್ಷಿಸಬಾರದು. ಆದರೆ ಲೆಕ್ಕದ ರೀತಿ ಎಲ್ಲೆಡೆಯೂ ಹೆಚ್ಚುಕಡಿಮೆ ಇದೇ.

ನಮ್ಮ ಯಂತ್ರದಲ್ಲಿ 18×23 ಅಂಗುಲದ ಹಾಳೆಯ ಒಂದು ಮಗ್ಗುಲಿಗೆ 8 ಪುಟ, ಇನ್ನೊಂದು ಮಗ್ಗುಲಿಗೆ 8 ಪುಟ ಅಚ್ಚಾಗುತ್ತವೆ. ಆ ಹಾಳೆಯನ್ನು ಮಡಚಿದರೆ 16 ಪುಟಗಳ ಒಂದು ಫಾರಂ. 160 ಪುಟಗಳೆಂದರೆ 10 ಫಾರಂ. ಒಂದು ಮಗ್ಗುಲಿನ ಪುಟಗಳನ್ನೆಲ್ಲ ಮೂಡಿಸಿದ ಲೋಹದ ತಗಡೇ ಪ್ಲೇಟು. ಪ್ರತಿ ಫಾರಂಗೆ ಎರಡು ಪ್ಲೇಟು ಬೇಕಾದ್ದರಿಂದ ಒಟ್ಟು 20 ಪ್ಲೇಟು. ಒಂದಕ್ಕೆ 180 ರೂಪಾಯಿಯಂತೆ 3,600. ಆ ಪ್ಲೇಟುಗಳಿಂದ 1000 ಹಾಳೆ ತೆಗೆದರೂ 300 ಹಾಳೆ ತೆಗೆದರೂ ಇದರಲ್ಲಿ ಒಂದು ರೂಪಾಯಿಯೂ ಕಡಿಮೆಯಾಗುವುದಿಲ್ಲ.

ಇನ್ನು ಮುದ್ರಣದ ಕೂಲಿ. ನಮ್ಮಲ್ಲಿ ಇದರ ದರ ಸಾವಿರದ ಲೆಕ್ಕದಲ್ಲಿದ್ದು, ಸಾವಿರಕ್ಕಿಂತ ಕಡಿಮೆಯಾದರೂ ಸಾವಿರದ ದರವನ್ನೇ ಹಿಡಿಯುತ್ತೇವೆ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವ ಸಾಲು ಇದೇ. ಇದು ಮುದ್ರಕರು ಸೇರಿ ಮಾಡಿಕೊಂಡ ಕಟ್ಟುಪಾಡು ಎಂದು ಅನೇಕರು ಭಾವಿಸುತ್ತಾರೆ. ಆದರೆ ಒಂದು ಮಧ್ಯಾಹ್ನ ಯಂತ್ರದ ಪಕ್ಕದಲ್ಲಿ ನಿಂತು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ಹಿಂದಿನ ಪ್ಲೇಟನ್ನು ಬಿಚ್ಚಿ, ಅಚ್ಚನ್ನು ಕಾಗದಕ್ಕೆ ದಾಟಿಸುವ ಬ್ಲ್ಯಾಂಕೆಟ್ ಎಂಬ ರಬ್ಬರ್ ಹೊದಿಕೆಯನ್ನು ಒರೆಸಿ, ಹೊಸ ಪ್ಲೇಟು ಕಟ್ಟಿ, ಶಾಯಿಗೂ ನೀರಿಗೂ ಹದ ಕೂರಿಸಿ, ಹಿಂದಿನ ಮತ್ತು ಮುಂದಿನ ಪುಟಗಳ ಸಾಲುಗಳು ಒಂದರ ಬೆನ್ನಿಗೆ ಒಂದು ಸರಿಯಾಗಿ ಬರುವಂತೆ ಹೊಂದಿಸುವುದರಲ್ಲಿಯೇ ಯಂತ್ರ ಚಾಲಕನ ಹೆಚ್ಚಿನ ಸಮಯ ಹೋಗುತ್ತದೆ. ಹದ ಕೂತ ಮೇಲೆ 300 ಹಾಳೆಯಾಗಲಿ 1000 ಹಾಳೆಯಾಗಲಿ ಕೆಲವೇ ನಿಮಿಷಗಳ ಓಟ. ಲೇಖಕರು ಕೊಡುವ ಕೂಲಿ ಬಹುಮಟ್ಟಿಗೆ ಆ ಹದ ಕೂರಿಸುವ ಕೆಲಸಕ್ಕೆ ಸಲ್ಲುತ್ತದೆ. ಫಾರಂ ಒಂದಕ್ಕೆ ಎರಡೂ ಮಗ್ಗುಲು ಸೇರಿ 600 ರೂಪಾಯಿಯಂತೆ ಹತ್ತು ಫಾರಂಗೆ 6,000. ಮುಖಪುಟದ ನಾಲ್ಕು ಬಣ್ಣಕ್ಕೂ ಇದೇ ಮಾತು ಅನ್ವಯಿಸುತ್ತದೆ. ಅದರ ಪ್ಲೇಟು ಮತ್ತು ಮುದ್ರಣಕ್ಕೆ 4,000. ಈ ಎರಡೂ ಮೊತ್ತಗಳು ಎರಡೂ ಕೊಟೇಶನ್‌ಗಳಲ್ಲಿ ಒಂದೇ.

ಕಾಗದವಾದರೂ ಪ್ರತಿಗಳಿಗೆ ಸರಿಯಾಗಿ ಇಳಿಯಬೇಕಲ್ಲ ಎಂದರೆ ಅದೂ ಪೂರ್ತಿಯಾಗಿ ಇಳಿಯುವುದಿಲ್ಲ. ಅರ್ಧಕ್ಕೆ ಕತ್ತರಿಸಿದರೆ ಮೇಲಿನ ಅಳತೆಯ ಎರಡು ಹಾಳೆಯಾಗುವ 23×36 ಅಂಗುಲದ ಡಬಲ್ ಡೆಮಿ ಹಾಳೆಯೊಂದರಲ್ಲಿ 32 ಪುಟ ಬರುವುದರಿಂದ ಈ ಪುಸ್ತಕಕ್ಕೆ ಪ್ರತಿಯೊಂದಕ್ಕೆ 5 ಹಾಳೆ ಬೇಕು. 1000 ಪ್ರತಿಗೆ 5000 ಹಾಳೆ, ಅಂದರೆ 10 ರೀಮು. 300 ಪ್ರತಿಗೆ 3 ರೀಮು. ಆದರೆ ಹದ ಕೂರಿಸುವಾಗ ಮತ್ತು ಮಡಚಿ ಕತ್ತರಿಸುವಾಗ ಹಾಳಾಗುವ ಕಾಗದ ಪ್ರತಿ ಫಾರಂಗೆ ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು. ಹತ್ತು ಫಾರಂಗೆ ಒಂದು ರೀಮು ಹಿಡಿದುಕೊಳ್ಳುತ್ತೇನೆ. ಅಲ್ಲಿಗೆ ದೊಡ್ಡ ಕೆಲಸದಲ್ಲಿ ಹನ್ನೊಂದು ರೀಮಿನಲ್ಲಿ ಒಂದು ಹಾಳಾದರೆ, ಸಣ್ಣ ಕೆಲಸದಲ್ಲಿ ನಾಲ್ಕರಲ್ಲಿ ಒಂದು ಹಾಳಾಗುತ್ತದೆ. ರೀಮಿಗೆ 1,680 ರೂಪಾಯಿಯಂತೆ ಮೊದಲನೆಯದಕ್ಕೆ 18,480, ಎರಡನೆಯದಕ್ಕೆ 6,720.

ಪ್ರತಿಗಳ ಸಂಖ್ಯೆಯ ಜೊತೆ ನಿಜವಾಗಿ ಇಳಿಯುವುದು ಮುಖಪುಟದ ಬೋರ್ಡು, ಲ್ಯಾಮಿನೇಶನ್ ಮತ್ತು ಬೈಂಡಿಂಗ್. 1000 ಪ್ರತಿಗೆ ಇವು 13,500 ಆಗುತ್ತವೆ. 300 ಪ್ರತಿಗೆ, ಬೈಂಡಿಂಗ್ ದರ ಸ್ವಲ್ಪ ಏರುವುದನ್ನೂ ಸೇರಿಸಿ, 4,900. ಇಷ್ಟರ ಮೇಲೆ ಬಾಡಿಗೆ, ವಿದ್ಯುತ್, ಸಂಬಳ ಮತ್ತು ನಮ್ಮ ಲಾಭಕ್ಕೆಂದು ಶೇಕಡ 15 ಸೇರಿದರೆ ಕೊಟೇಶನ್‌ನ ಮೊತ್ತ ಬರುತ್ತದೆ.

ಮೇಷ್ಟ್ರ ಮುಂದೆ ಹಾಳೆಯೊಂದರಲ್ಲಿ ಇಷ್ಟನ್ನೂ ಬರೆದು, ಮೊದಲ ಪ್ರತಿ ಹೊರಬರುವ ಮುಂಚೆಯೇ ಆಗುವ ಖರ್ಚಿಗೆ ಗುರುತು ಹಾಕಿದೆ: ಪ್ಲೇಟು 3,600, ಮುದ್ರಣ 6,000, ಮುಖಪುಟ 4,000, ಹಾಳಾಗುವ ಕಾಗದ 1,680. ಒಟ್ಟು 15,280. ಇಡೀ ಪುಸ್ತಕಕ್ಕೆ ಅವರು ನಿರೀಕ್ಷಿಸಿದ್ದ 15,720 ರೂಪಾಯಿ ಇಲ್ಲಿಗೇ ಬಹುಪಾಲು ಮುಗಿದಿತ್ತು. ಅವರು ಆ ಹಾಳೆಯನ್ನು ಬಹಳ ಹೊತ್ತು ನೋಡಿ, "ಹಾಗಾದರೆ ಕಡಿಮೆ ಮಾಡುವ ದಾರಿ ನನ್ನ ಪುಸ್ತಕದಲ್ಲಿಯೇ ಹುಡುಕಬೇಕು" ಎಂದರು. ಕೊಟೇಶನ್ ಓದುವುದೆಂದರೆ ಹೀಗೆ ಓದಬೇಕು ಎಂದು ನನಗೆ ಬಹಳ ಸಂತೋಷವಾಯಿತು. ಕೊನೆಯ ಸಾಲಿನ ಶೇಕಡ 15ರಲ್ಲಿ ಐನೂರು ರೂಪಾಯಿ ಬಿಡಿ ಎಂದು ಒಂದು ಗಂಟೆ ಜಗ್ಗಾಡುವವರಿಗೆ ಐನೂರು ಸಿಗಬಹುದು, ಆದರೆ ಅದಕ್ಕಿಂತ ಹೆಚ್ಚು ಉಳಿಯುವ ಜಾಗವನ್ನು ಅವರು ನೋಡಿಯೇ ಇರುವುದಿಲ್ಲ.

ಆ ಜಾಗ ಫಾರಂ. ಸಂಕಲನವನ್ನು 160ರಿಂದ 144 ಪುಟಕ್ಕೆ ಇಳಿಸಿದರೆ ಒಂದು ಇಡೀ ಫಾರಂ ತಪ್ಪುತ್ತದೆ. 300 ಪ್ರತಿಯ ಲೆಕ್ಕದಲ್ಲಿಯೂ ಪ್ಲೇಟು, ಮುದ್ರಣ, ಕಾಗದ ಮತ್ತು ಅವುಗಳ ಮೇಲಿನ ಶೇಕಡ 15 ಸೇರಿ ಸುಮಾರು 1,900 ರೂಪಾಯಿ ಉಳಿಯುತ್ತದೆ. ಮೇಷ್ಟ್ರ ಪುಸ್ತಕದಲ್ಲಿ ಪ್ರತಿ ಭಾಗದ ಮೊದಲು ಖಾಲಿ ಪುಟಗಳಿದ್ದವು. ನಾಲ್ಕೈದು ಸಾಲು ಮಾತ್ರ ಮುಂದಿನ ಪುಟಕ್ಕೆ ಹರಿದ ಕವಿತೆಗಳಿದ್ದವು. ಅವರ ಒಂದು ಕವಿತೆಯನ್ನೂ ಕೈಬಿಡದೆ 144ಕ್ಕೆ ಕೂರಿಸಲು ಸಾಧ್ಯವಾಯಿತು. ಇದಕ್ಕೆ ತದ್ವಿರುದ್ಧವಾಗಿ, ಕೊನೆಯ ಗಳಿಗೆಯಲ್ಲಿ ಮುನ್ನುಡಿ ಬಂತೆಂದು 160 ಪುಟವನ್ನು 164 ಮಾಡುವವರಿದ್ದಾರೆ. ನಾಲ್ಕು ಪುಟಕ್ಕೆ ಇಷ್ಟೊಂದೇ ಎಂದು ಅವರು ಬೇಸರಪಡುತ್ತಾರೆ, ಆದರೆ ಆ ನಾಲ್ಕು ಪುಟಕ್ಕೆ ಹೊಸ ಪ್ಲೇಟು, ಮತ್ತೊಮ್ಮೆ ಹದ ಕೂರಿಸುವ ಕೆಲಸ, ಕನಿಷ್ಠ ದರದ ಕೂಲಿ, ಬೈಂಡಿಂಗ್‌ನಲ್ಲಿ ಬೇರೆಯಾಗಿ ಸೇರಿಸುವ ಶ್ರಮ ಎಲ್ಲವೂ ಬೇಕು.

ಬೇರೆ ಪ್ರೆಸ್ಸಿನವರು ಐದು ಸಾವಿರ ಕಡಿಮೆ ಹೇಳಿದರು ಎಂಬ ಮಾತಿಗೂ ಉತ್ತರ ಹೇಳಬೇಕು. ಅವರ ಯಂತ್ರ ದೊಡ್ಡದಿದ್ದು ಪ್ಲೇಟುಗಳ ಸಂಖ್ಯೆ ಅರ್ಧವಾಗಿರಬಹುದು, ಅಥವಾ ಕಾಗದವನ್ನು ಅವರು ಸಗಟಾಗಿ ತರಿಸುತ್ತಿರಬಹುದು. ಹಾಗಿದ್ದರೆ ಅಲ್ಲಿಯೇ ಮಾಡಿಸುವುದು ಒಳ್ಳೆಯದು. ಆದರೆ ಅವರ ಕೊಟೇಶನ್‌ನಲ್ಲಿ ಕಾಗದದ ಜಿಎಸ್ಎಂ ಬರೆದಿದೆಯೇ ಎಂದು ಮೊದಲು ನೋಡಬೇಕು. 70 ಜಿಎಸ್ಎಂ ಬದಲು 60 ಹಾಕಿದರೆ ಕಾಗದದ ಖರ್ಚಿನ ಏಳನೇ ಒಂದು ಭಾಗ ಇಳಿಯುತ್ತದೆ, ಹಿಂದಿನ ಪುಟದ ಅಕ್ಷರ ಮುಂದಿನ ಪುಟದಲ್ಲಿ ಮಸುಕಾಗಿ ಕಾಣತೊಡಗುತ್ತದೆ. ಪುಸ್ತಕ ಕೈಗೆ ಬಂದ ಮೇಲೆ ಅಡುಗೆಮನೆಯ ತಕ್ಕಡಿಯಲ್ಲಿಯೇ ಇದನ್ನು ಪರೀಕ್ಷಿಸಬಹುದು. 160 ಪುಟದ ಡೆಮಿ ಪುಸ್ತಕ 70 ಜಿಎಸ್ಎಂ ಕಾಗದದಲ್ಲಿದ್ದರೆ ರಕ್ಷಾಪುಟ ಸೇರಿ 190 ಗ್ರಾಂ ಆಸುಪಾಸಿನಲ್ಲಿ ತೂಗುತ್ತದೆ, 60ರಲ್ಲಿದ್ದರೆ 165ರ ಹತ್ತಿರ. ನಾಲ್ಕೈದು ಗ್ರಾಂ ವ್ಯತ್ಯಾಸ ಕಾಗದದ ಸಹಜ ಏರುಪೇರಾಗಿರಬಹುದು, ಅದಕ್ಕಾಗಿ ಯಾರನ್ನೂ ದೂರಬಾರದು. ಇಪ್ಪತ್ತು ಗ್ರಾಂ ಕಡಿಮೆಯಾದರೆ ಕೇಳಲೇಬೇಕು.

ನಿಜವಾಗಿ ಬೇಕಾದದ್ದು ನೂರೇ ಪ್ರತಿಯಾದರೆ ಆಫ್‌ಸೆಟ್ ಬೇಡ ಎಂದು ನಾನೇ ಹೇಳುತ್ತೇನೆ. ಮೇಲಿನ ದರಗಳಲ್ಲಿ 100 ಪ್ರತಿ ತೆಗೆದರೆ ಒಂದೊಂದಕ್ಕೆ 210 ರೂಪಾಯಿ ದಾಟುತ್ತದೆ. ಪ್ಲೇಟಿನ ಅಗತ್ಯವಿಲ್ಲದ ಡಿಜಿಟಲ್ ಮುದ್ರಣದಲ್ಲಿ ಅದೇ ಪುಸ್ತಕ ಪ್ರತಿಗೆ 120 ರೂಪಾಯಿಗೆ ಸಿಗುವುದಾದರೆ, 200ರ ಆಸುಪಾಸಿನವರೆಗೂ ಡಿಜಿಟಲ್ ಅಗ್ಗ.

ಇಷ್ಟೆಲ್ಲ ಒಪ್ಪಿದ ಮೇಲೂ, ಈಗ 300 ಮಾಡಿ, ಉಳಿದ 700 ಆಮೇಲೆ ಮಾಡಿ, ಒಟ್ಟಿಗೆ ಸಾವಿರದ ದರ ಹಾಕಿ ಎನ್ನುವವರಿದ್ದಾರೆ. ಎರಡನೆಯ ಸಲ ಪ್ಲೇಟು ಮತ್ತೆ ಕಟ್ಟಬೇಕು, ಹದ ಮತ್ತೆ ಕೂರಿಸಬೇಕು. ಹಾಗೆ ಎರಡು ಕಂತಿನಲ್ಲಿ ಮಾಡಿದರೆ ಒಟ್ಟು ಖರ್ಚು 71,500 ದಾಟುತ್ತದೆ, ಅಂದರೆ ಒಂದೇ ಸಲಕ್ಕಿಂತ ಹತ್ತೊಂಬತ್ತು ಸಾವಿರ ಹೆಚ್ಚು. ನಿಜವಾಗಿಯೂ ಸಾವಿರ ಪ್ರತಿ ಮಾರಾಟವಾಗುವ ನಂಬಿಕೆಯಿದ್ದು ಕೈಯಲ್ಲಿ ಹಣ ಕಡಿಮೆಯಿದ್ದರೆ, 1000 ಪ್ರತಿಯ ಫಾರಂಗಳನ್ನೂ ಮುಖಪುಟವನ್ನೂ ಒಟ್ಟಿಗೆ ಅಚ್ಚು ಮಾಡಿಸಿ, ಈಗ 300ಕ್ಕೆ ಮಾತ್ರ ಬೈಂಡಿಂಗ್ ಮಾಡಿಸುವ ದಾರಿಯಿದೆ. ಆಗ 700 ಪ್ರತಿಯ ಬೈಂಡಿಂಗ್ ಹಣ, ಅಂದರೆ ಆರರಿಂದ ಏಳು ಸಾವಿರ ರೂಪಾಯಿ, ಸದ್ಯಕ್ಕೆ ಉಳಿಯುತ್ತದೆ. ಕಾಗದದ ಹಣ ಮಾತ್ರ ಈಗಲೇ ಕೊಡಬೇಕು. ಬೈಂಡ್ ಆಗದ ಫಾರಂಗಳಿಗೆ ಮಳೆಗಾಲದ ತೇವವೂ ಗೆದ್ದಲೂ ಬೇಗ ತಗಲುತ್ತವೆ, ಹತ್ತರಲ್ಲಿ ಒಂದು ಫಾರಂ ಕೆಟ್ಟರೂ ಅಷ್ಟು ಪ್ರತಿಗಳು ಅಪೂರ್ಣವಾಗುತ್ತವೆ. ಆದ್ದರಿಂದ ಅವುಗಳನ್ನು ಯಾರು, ಎಲ್ಲಿ, ಎಷ್ಟು ತಿಂಗಳು ಇಟ್ಟುಕೊಳ್ಳುತ್ತಾರೆ, ಕೆಟ್ಟರೆ ನಷ್ಟ ಯಾರದು ಎಂಬುದನ್ನು ಕೊಟೇಶನ್‌ನಲ್ಲಿಯೇ ಬರೆಸಿಕೊಂಡು ಮುಂಗಡ ಕೊಡಬೇಕು.